ರೈತ–ಕೃಷಿ ಅಧಿಕಾರಿ ಫೋನ್ ಕರೆಯಿಂದ ಒಂದು ಪುಟದ ಸಲಹೆ ಚೀಟಿ: ಅಳತೆ ತಪ್ಪದಂತೆ ಬರೆಯುವ ಬಗೆ

ರೈತ ಉತ್ಪಾದಕ ಸಂಸ್ಥೆಯಲ್ಲೋ ರೈತ ಸಂಪರ್ಕ ಕೇಂದ್ರದ ಜತೆಗೋ ಕೆಲಸ ಮಾಡುವವರಿಗೆ ಈ ಕೆಲಸ ಆಗಾಗ ಬರುತ್ತದೆ. ಐದಾರು ನಿಮಿಷದ ಕರೆಯ ರೆಕಾರ್ಡಿಂಗ್ ಕೈಗೆ ಬರುತ್ತದೆ, ಅದನ್ನು ರೈತ ಹೊಲಕ್ಕೆ ಒಯ್ಯಬಹುದಾದ ಚೀಟಿ ಮಾಡಿ ವಾಟ್ಸಾಪಿಗೆ ಹಾಕಬೇಕು. ಮಾತನ್ನು ಚಿಕ್ಕದು ಮಾಡುವುದು ಕಷ್ಟವಲ್ಲ. ಕಷ್ಟವಿರುವುದು ಅಂಕಿಯಲ್ಲಿ. ಕರೆಯಲ್ಲಿ ಒಂದು ‘ಪಾಯಿಂಟ್’ ಕೇಳಿಸದೆ ಹೋದರೆ ಚೀಟಿಯಲ್ಲಿ ಔಷಧಿ ಹತ್ತು ಪಟ್ಟಾಗುತ್ತದೆ. ಆ ಚೀಟಿ ಹತ್ತು ಜನರ ಫೋನಿಗೆ ಹೋದ ಮೇಲೆ ಹಿಂದಕ್ಕೆ ತರಲಾಗದು.

ಉದಾಹರಣೆಗೆ ಮೆಕ್ಕೆಜೋಳದ ಲದ್ದಿ ಹುಳುವಿನ ಕರೆಯೊಂದನ್ನು ತೆಗೆದುಕೊಂಡು ಪೂರ್ತಿ ಮಾಡಿ ನೋಡೋಣ. ಫಾಲ್ ಸೈನಿಕ ಹುಳು ಎಂದು ಕರೆಯುವ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಈಗ ಮೆಕ್ಕೆಜೋಳ ಬೆಳೆಯುವ ಕಡೆಯಿಂದ ಬರುವ ಕರೆಗಳಲ್ಲಿ ಇದರ ಮಾತಿಲ್ಲದ ಮುಂಗಾರು ಇಲ್ಲ. ಕೆಳಗಿನ ಕರೆ ಮಾದರಿಗೆಂದು ಕಟ್ಟಿದ್ದು. ಅದರಲ್ಲಿರುವ ಪ್ರಮಾಣವನ್ನು ನಿಮ್ಮ ಹೊಲಕ್ಕೆ ನೇರವಾಗಿ ಎತ್ತಿಕೊಳ್ಳಬೇಡಿ.

ಕೇಳುವ ಮೊದಲು

ರೆಕಾರ್ಡ್ ಮಾಡುವುದಕ್ಕೂ ಚೀಟಿ ಹಂಚುವುದಕ್ಕೂ ಇಬ್ಬರ ಒಪ್ಪಿಗೆ ಇರಲಿ. ಕರೆಯ ಆರಂಭದಲ್ಲೇ ‘ರೆಕಾರ್ಡ್ ಆಗ್ತಾ ಇದೆ’ ಎಂದು ಹೇಳಿ, ಇಬ್ಬರೂ ಹೂಂ ಎಂದದ್ದು ಅದರಲ್ಲೇ ದಾಖಲಾದರೆ ಸಾಕು. ಫೈಲಿನ ಹೆಸರಿನಲ್ಲಿ ಕರೆಯ ದಿನಾಂಕ ಇರಲೇಬೇಕು, ಏಕೆಂದರೆ ‘ಮೂರು ದಿನ ಬಿಟ್ಟು’ ಎಂಬ ಮಾತಿಗೆ ಆ ದಿನಾಂಕ ಇಲ್ಲದೆ ಅರ್ಥವಿಲ್ಲ. ನಮ್ಮ ಮಾದರಿ ಕರೆ ಜುಲೈ 8ರದ್ದು ಎಂದುಕೊಳ್ಳಿ.

ಮೊದಲ ಸಲ ಏನೂ ಬರೆಯದೆ ಪೂರ್ತಿ ಕೇಳಿ. ಅಧಿಕಾರಿ ನಾಲ್ಕನೇ ನಿಮಿಷದಲ್ಲಿ ಎರಡನೇ ನಿಮಿಷದ ಮಾತನ್ನು ತಿದ್ದಿರಬಹುದು. ಮೊದಲಿಂದ ಬರೆಯುತ್ತಾ ಹೋದವರ ಚೀಟಿಯಲ್ಲಿ ಹಳೆಯ ಮಾತೇ ಉಳಿಯುತ್ತದೆ. ಎರಡನೇ ಸಲ ವೇಗವನ್ನು 0.75ಕ್ಕೆ ಇಳಿಸಿ, ಅಂಕಿ ಬಂದಲ್ಲೆಲ್ಲ ನಿಲ್ಲಿಸಿ, ನಿಮಿಷ–ಸೆಕೆಂಡು ಹಾಕಿ ಆಡಿದ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಈ ಹಂತದಲ್ಲಿ ಆಡುಮಾತನ್ನು ತಿದ್ದಬೇಡಿ, ಅಂಕಿಯನ್ನೂ ಅಕ್ಷರದಲ್ಲೇ ಬರೆಯಿರಿ. ‘ನಾಲ್ಕು’ ಎಂದು ಕೇಳಿಸಿದ್ದನ್ನು ಆಗಲೇ 0.4 ಎಂದು ಬರೆದುಬಿಟ್ಟರೆ ಅದು ಕೇಳಿದ್ದೋ ನೀವು ಊಹಿಸಿದ್ದೋ ಆಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಕರೆ

00:40 ರೈತ: ಮಿರಗದ ಮಳಿಗೆ ಬಿತ್ತಿದ್ದು ಸರ್, ಮೂರು ಎಕರೆ ಗೋವಿನಜೋಳ. ಇಪ್ಪತ್ತೈದು ದಿನ ಆಗಿರಬೇಕು. ಸುಳಿ ಒಳಗ ಹುಳ ಬಿದ್ದಾವ.

01:15 ಅಧಿಕಾರಿ: ಹುಳದ ತಲಿ ಮ್ಯಾಲ ತಲೆಕೆಳಗಾದ ವೈ ಆಕಾರದ ಗೆರಿ ಐತೇನ್ರಿ? ಬಾಲದ ಕಡಿ ಚೌಕಾಗಿ ನಾಲ್ಕು ಕರಿ ಚುಕ್ಕಿ?

01:28 ರೈತ: ಚುಕ್ಕಿ ಅದಾವ್ರಿ. ಹಸಿ ಲದ್ದಿ ಐತಿ. ಕೆಳಗಿನ ಒಂದೂವರಿ ಎಕರೆದಾಗ ನೂರು ಗಿಡ ನೋಡಿದ್ರ ಹದಿನೈದರಾಗ ಐತಿ. ಮ್ಯಾಲಿನ ಹೊಲದಾಗ ಎರಡೋ ಮೂರೋ.

02:20 ಅಧಿಕಾರಿ: ಹಂಗಾದ್ರ ಈಗ ಕೆಳಗಿನದಕ್ಕಷ್ಟ ಹೊಡೀರಿ. ಎಮಾಮೆಕ್ಟಿನ್ ಐದು ಎಸ್‌ಜಿ, ಲೀಟರಿಗೆ … ನಾಲ್ಕು ಗ್ರಾಂ. ಎಕರೆಗೆ ಎಂಬತ್ತು ಗ್ರಾಂ ಆಗತೈತಿ.

02:41 ರೈತ: ಕ್ಯಾನಿಗೆ ಎಷ್ಟಾತ್ರಿ?

02:45 ಅಧಿಕಾರಿ: ಹದಿನೈದು ಲೀಟರಿನ ಕ್ಯಾನಿಗೆ ಆರು ಗ್ರಾಂ.

02:52 ರೈತ: ನಮ್ದು ಹದಿನಾರು ಲೀಟರಿಂದ್ರಿ. ಎಕರೆಗೆ ಎಂಟು ಕ್ಯಾನ್ ಹೊಡಿತೀವಿ.

03:05 ಅಧಿಕಾರಿ: ಎಂಟು ಸಾಲಂಗಿಲ್ರಿ. ಎಕರೆಗೆ ಇನ್ನೂರು ಲೀಟರ್ ನೀರು ಬೇಕು, ಸುಳಿ ತೋಯಬೇಕು. ಸಂಜಿ ಮುಂದ ಹೊಡೀರಿ.

03:40 ರೈತ: ಮ್ಯಾಲಿನದಕ್ಕ?

03:42 ಅಧಿಕಾರಿ: ಈಗ ಬ್ಯಾಡ. ಮೂರು ದಿನ ಬಿಟ್ಟು ಮತ್ತ ಎಣಸ್ರಿ. ನೂರಕ್ಕ ಐದು ದಾಟಿದ್ರ ಬೇವಿಂದು ಹದಿನೈದುನೂರು ಪಿಪಿಎಂ, ಲೀಟರಿಗೆ ಐದು ಎಂಎಲ್.

04:25 ರೈತ: ಯೂರಿಯಾ ಹಾಕ್ಲೇನ್ರಿ?

04:28 ಅಧಿಕಾರಿ: ಮೂವತ್ತು ದಿನಕ್ಕ ಎಕರೆಗೆ ಒಂದು ಚೀಲ, ಭೂಮಿ ಹಸಿ ಇದ್ದಾಗ. ಒಣ ಭೂಮಿಗೆ ಚೆಲ್ಲಬ್ಯಾಡ್ರಿ.

05:02 ರೈತ: ಅಂಗಡ್ಯಾಗ ಕ್ಲೋರೋ ಎಣ್ಣಿ ಕೊಡ್ತಾರ್ರಿ.

05:06 ಅಧಿಕಾರಿ: ಅದು ಬ್ಯಾಡ್ರಿ, ನಾ ಹೇಳಿದ್ದೇ ತಗೋರಿ.

ರೈತ ಹೇಳಿದ್ದು, ಅಧಿಕಾರಿ ಹೇಳಿದ್ದು

ಇವೆರಡನ್ನೂ ಬೇರೆ ಬೇರೆ ಬರೆಯಿರಿ. ಬೇರೆ ಮಾಡದಿದ್ದರೆ ರೈತ ತನ್ನ ರೂಢಿಯನ್ನು ಹೇಳಿದ್ದು ಅಧಿಕಾರಿಯ ಸಲಹೆಯಾಗಿ ಚೀಟಿಗೆ ನುಸುಳುತ್ತದೆ. ‘ಎಕರೆಗೆ ಎಂಟು ಕ್ಯಾನ್’ ಎಂಬುದು ಇಲ್ಲಿ ಅಂಥದ್ದು. ಅವಸರದಲ್ಲಿ ಕೇಳಿದವರು ಅದನ್ನೇ ಬರೆದುಬಿಡುತ್ತಾರೆ, ಯಾಕೆಂದರೆ ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಅಂಕಿಯೂ ಕೇಳಿಸಿರುವುದಿಲ್ಲ.

ರೈತ ಹೇಳಿದ್ದು ಸಲಹೆಯ ತಳಪಾಯ: ಬೆಳೆ, ವಯಸ್ಸು, ವಿಸ್ತೀರ್ಣ, ಹಾನಿ, ಕ್ಯಾನಿನ ಅಳತೆ. ಇದರಲ್ಲಿ ಒಂದು ಬದಲಾದರೂ ಸಲಹೆ ಬದಲಾಗುತ್ತದೆ. ಹಾಗಾಗಿ ಚೀಟಿಯ ತಲೆಯಲ್ಲೇ ಅದು ಇರಬೇಕು. ಪಕ್ಕದ ಹೊಲದ ನಲವತ್ತೈದು ದಿನದ ಬೆಳೆಯವರು ಚೀಟಿ ನೋಡಿದರೆ ‘ಇದು ನಮ್ಮ ಬೆಳೆಗಲ್ಲ’ ಎಂದು ಅವರಿಗೆ ತಿಳಿಯುವುದು ಅಲ್ಲಿಂದಲೇ.

ಬಿತ್ತನೆಯ ದಿನವನ್ನು ಮಳೆ ನಕ್ಷತ್ರದಿಂದ ಹೇಳುವುದು ನಮ್ಮಲ್ಲಿ ರೂಢಿ. ಮೃಗಶಿರ ಮಳೆ ಸುಮಾರು ಜೂನ್ 8ರಿಂದ 21ರವರೆಗೆ. ಜುಲೈ 8ಕ್ಕೆ ಇಪ್ಪತ್ತೈದು ದಿನ ಎಂದರೆ ಬಿತ್ತಿದ್ದು ಜೂನ್ 13ರ ಆಸುಪಾಸು, ಮಿರಗದೊಳಗೇ ಬಿತ್ತು. ಎರಡೂ ಹೊಂದಿತು. ಅದೇ ರೈತ ‘ರೋಹಿಣಿ ಮಳೆಗೆ’ ಎಂದಿದ್ದರೆ ಬಿತ್ತಿ ಒಂದು ತಿಂಗಳು ದಾಟಿರಬೇಕು. ಆಗ ಇಪ್ಪತ್ತೈದು ದಿನ ಎಂಬ ಲೆಕ್ಕ ಸರಿಯಲ್ಲ, ಯೂರಿಯಾ ಹಾಕುವ ದಿನವೂ ಕಳೆದುಹೋಗಿದೆ ಎಂದಾಗುತ್ತಿತ್ತು. ಅಂಥ ಹೊಂದಾಣಿಕೆ ಇಲ್ಲದ ಕಡೆ ರೈತನಿಗೇ ಫೋನ್ ಮಾಡಿ ಕೇಳಬೇಕು.

ಅಂಕಿಯನ್ನು ಅಂಕಿಯಿಂದಲೇ ಪರೀಕ್ಷಿಸುವುದು

02:20ರಲ್ಲಿ ಕೇಳಿಸುವುದು ‘ಲೀಟರಿಗೆ ನಾಲ್ಕು ಗ್ರಾಂ’. ‘ಲೀಟರಿಗೆ’ ಮತ್ತು ‘ನಾಲ್ಕು’ ನಡುವೆ ಸದ್ದು ಅರೆಕ್ಷಣ ಕಡಿದಿದೆ. ಹತ್ತು ಸಲ ಕೇಳಿದರೂ ಕಿವಿ ಇಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಅಧಿಕಾರಿ ಅದೇ ಪ್ರಮಾಣವನ್ನು ಬೇರೆ ಎರಡು ಅಳತೆಯಲ್ಲೂ ಹೇಳಿದ್ದಾರೆ, ಕೆಲಸ ಆಗುವುದು ಅಲ್ಲಿಂದ.

ಎಕರೆಗೆ ಎಂಬತ್ತು ಗ್ರಾಂ, ನೀರು ಇನ್ನೂರು ಲೀಟರ್. ಎಂಬತ್ತನ್ನು ಇನ್ನೂರರಿಂದ ಭಾಗಿಸಿದರೆ ಲೀಟರಿಗೆ 0.4 ಗ್ರಾಂ. ಹದಿನೈದು ಲೀಟರಿಗೆ ಆರು ಗ್ರಾಂ ಎಂದರೂ 0.4 ಗ್ರಾಂ. ಎರಡು ದಾರಿಯೂ ಒಂದೇ ಕಡೆಗೆ ಬಂದವು. ನಿಜಕ್ಕೂ ನಾಲ್ಕು ಗ್ರಾಂ ಆಗಿದ್ದರೆ ಕ್ಯಾನಿಗೆ ಅರವತ್ತು ಗ್ರಾಂ, ಎಕರೆಗೆ ಎಂಟುನೂರು ಗ್ರಾಂ ಬೀಳುತ್ತಿತ್ತು. ಅಂದರೆ ಕಡಿದ ಸದ್ದಿನಲ್ಲಿ ಹೋದದ್ದು ‘ಪಾಯಿಂಟ್’.

ಹೀಗೆ ಲೀಟರಿಗೆ, ಕ್ಯಾನಿಗೆ, ಎಕರೆಗೆ ಎಂಬ ಮೂರು ಅಳತೆಯಲ್ಲಿ ಕನಿಷ್ಠ ಎರಡು ಕರೆಯಲ್ಲಿ ಸಿಕ್ಕಿ ಅವು ಹೊಂದಿದರೆ ಪ್ರಮಾಣವನ್ನು ನಂಬಬಹುದು. ಒಂದೇ ಸಿಕ್ಕಿದರೆ, ಅಥವಾ ಸಿಕ್ಕಿದ ಎರಡು ಜಗಳವಾಡಿದರೆ, ಅಧಿಕಾರಿಯನ್ನು ಕೇಳದೆ ಚೀಟಿಗೆ ಹಾಕಬೇಡಿ. ನಿಮಗೆ ಸರಿ ಉತ್ತರ ಗೊತ್ತಿದ್ದರೂ ಹಾಕಬೇಡಿ. ಚೀಟಿ ಹೋಗುವುದು ಅಧಿಕಾರಿಯ ಸಲಹೆ ಎಂದು, ನಿಮ್ಮದೆಂದಲ್ಲ.

ಇನ್ನೊಂದು ಗುಂಡಿ ಅದೇ ಸಾಲಿನಲ್ಲಿದೆ. ‘ಎಮಾಮೆಕ್ಟಿನ್ ಐದು ಎಸ್‌ಜಿ’ಯಲ್ಲಿ ಐದು ಎಂಬುದು ಔಷಧಿಯ ಪ್ರಬಲತೆ, ಅಂದರೆ ನೂರು ಗ್ರಾಂ ಹರಳಿನಲ್ಲಿ ಐದು ಗ್ರಾಂ ವಿಷಾಂಶ. ಅದು ಹಾಕುವ ಪ್ರಮಾಣವಲ್ಲ. ‘ಎಮಾಮೆಕ್ಟಿನ್ 5 ಗ್ರಾಂ’ ಎಂದು ಬರೆದ ಚೀಟಿಗಳು ಹುಟ್ಟುವುದು ಇಲ್ಲಿಂದ. ಹಾಗೆಂದು ಆ ಐದನ್ನು ಬಿಡಲೂ ಬಾರದು. ಇದೇ ಔಷಧಿ 1.9 ಇಸಿ ಎಂಬ ದ್ರವರೂಪದಲ್ಲೂ ಬರುತ್ತದೆ, ಅದಕ್ಕೆ ಈ ಗ್ರಾಂ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಹೆಸರು, ಪ್ರಬಲತೆ, ರೂಪ ಮೂರನ್ನೂ ಒಟ್ಟಿಗೆ ಒಂದು ಸಾಲಿನಲ್ಲಿ, ಹಾಕುವ ಪ್ರಮಾಣವನ್ನು ಕೆಳಗಿನ ಸಾಲಿನಲ್ಲಿ ಬರೆಯಿರಿ. ಒಂದೇ ಸಾಲಿನಲ್ಲಿ ಎರಡು ಅಂಕಿ ಬಂದರೆ ಹೊಲದಲ್ಲಿ ಓದುವವರು ಯಾವುದನ್ನು ಹಿಡಿಯುತ್ತಾರೋ ಹೇಳಲಾಗದು.

ರೈತನ ಕ್ಯಾನಿಗೆ ಇಳಿಸುವುದು

ರೈತ ಅಳೆಯುವುದು ಕ್ಯಾನಿನಲ್ಲಿ. ಅಧಿಕಾರಿ ಹದಿನೈದು ಲೀಟರಿನ ಲೆಕ್ಕ ಹೇಳಿದರು, ಈ ರೈತನದು ಹದಿನಾರು ಲೀಟರಿನದು. 16ನ್ನು 0.4ರಿಂದ ಗುಣಿಸಿದರೆ ಕ್ಯಾನಿಗೆ 6.4 ಗ್ರಾಂ. ಒಂದೂವರೆ ಎಕರೆಗೆ ನೀರು 300 ಲೀಟರ್, ಔಷಧಿ 120 ಗ್ರಾಂ. 300ನ್ನು 16ರಿಂದ ಭಾಗಿಸಿದರೆ ಹದಿನೆಂಟು ಮುಕ್ಕಾಲು ಕ್ಯಾನ್, ಸುಮಾರು 19.

ಎಂಟು ಕ್ಯಾನಿನ ವಿಷಯವನ್ನು ಚೀಟಿಯಲ್ಲಿ ಬಿಡುವಂತಿಲ್ಲ, ಏಕೆಂದರೆ ರೈತ ಕೈರೂಢಿಯಂತೆ ಅಲ್ಲಿಗೇ ನಿಲ್ಲಿಸುತ್ತಾನೆ. ಎಂಟು ಕ್ಯಾನಿಗೆ 128 ಲೀಟರ್ ನೀರು, ಕ್ಯಾನಿಗೆ 6.4 ಗ್ರಾಂ ಹಾಕಿದರೂ ಎಕರೆಗೆ ಬೀಳುವುದು 51 ಗ್ರಾಂ. ಲೀಟರಿನ ಲೆಕ್ಕ ಸರಿ, ಎಕರೆಯ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕೊರತೆ. ಸುಳಿ ತೋಯದೆ ಹುಳ ಉಳಿಯುತ್ತದೆ, ‘ಔಷಧಿ ಕೆಲಸ ಮಾಡಲಿಲ್ಲ’ ಎಂದು ಮುಂದಿನ ವಾರ ಮತ್ತೊಂದು ಕರೆ ಬರುತ್ತದೆ. ಆದ್ದರಿಂದ ಕ್ಯಾನಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಲೇಬೇಕು.

ಮುಚ್ಚಳ, ಚಮಚ, ಚಿಟಿಕೆ ಎಂಬ ಅಳತೆ ಕರೆಯಲ್ಲಿ ಬಂದರೆ ಅದನ್ನು ನೀವಾಗಿ ಗ್ರಾಂಗೆ ತಿರುಗಿಸಬೇಡಿ. ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಅಳತೆಯದು, ಹರಳಿಗೂ ದ್ರವಕ್ಕೂ ತೂಕ ಬೇರೆ.

ಯೂರಿಯಾ ‘ಚೀಲ’ಕ್ಕೂ ಒಂದು ಮಾತು ಹೇಳಬೇಕು. 2018ರಿಂದ ಬೇವುಲೇಪಿತ ಯೂರಿಯಾ ಚೀಲ 45 ಕೆಜಿಯದು, ಹಳಬರ ತಲೆಯಲ್ಲಿ ಇನ್ನೂ 50 ಇದೆ. ಗಂಧಕಲೇಪಿತ ಯೂರಿಯಾ ಬೇರೆಯೇ ತೂಕದ ಚೀಲದಲ್ಲಿ ಬರುತ್ತದೆ. ಹಾಗಾಗಿ ಚೀಲ ಎಂದಲ್ಲಿ ಕೆಜಿಯನ್ನೂ ಬರೆಯಿರಿ. ಪರೀಕ್ಷೆಯೂ ಸುಲಭ: ಯೂರಿಯಾದಲ್ಲಿ ಸಾರಜನಕ ಶೇ. 46, ಆದ್ದರಿಂದ 45 ಕೆಜಿಯಲ್ಲಿ ಸುಮಾರು 20.7 ಕೆಜಿ. ಹೆಕ್ಟೇರಿಗೆ 2.47 ಎಕರೆಯಂತೆ ಅದು 51 ಕೆಜಿ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100 ಕೆಜಿ ಸಾರಜನಕ ಎಂಬ ಶಿಫಾರಸಿನ ಅರ್ಧ ಭಾಗ ಮೇಲುಗೊಬ್ಬರ ಎಂದರೆ ಇದು ಸರಿಹೋಯಿತು. ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಕ್ರಮಗಳ ಪುಸ್ತಕ ಮೇಜಿನ ಮೇಲಿದ್ದರೆ ಇಂಥ ತಾಳೆ ಎರಡು ನಿಮಿಷದ ಕೆಲಸ. ತಾಳೆಯಾಗದಿದ್ದರೆ ಪುಸ್ತಕದ ಅಂಕಿಯನ್ನು ಚೀಟಿಗೆ ಹಾಕದೆ ಅಧಿಕಾರಿಯನ್ನು ಕೇಳಿ; ಆ ಹೊಲದ ಮಣ್ಣು ಪರೀಕ್ಷೆ ನೋಡಿ ಅವರು ಬೇರೆ ಹೇಳಿರಬಹುದು.

ಹೆಸರುಗಳು

‘ಎಣ್ಣಿ ಹೊಡಿ’ ಎಂದರೆ ಔಷಧಿ ಸಿಂಪಡಿಸು ಎಂದರ್ಥ, ಎಣ್ಣೆಯ ಸಂಬಂಧವೇ ಇಲ್ಲ. ಆ ಕಡೆಯ ಮಾತು ತಿಳಿಯದವರು ‘ಕ್ಲೋರೋ ಎಣ್ಣಿ’ಯನ್ನೂ ‘ಬೇವಿಂದು’ ಎಂಬುದನ್ನೂ ಸೇರಿಸಿ ಬೇವಿನ ಎಣ್ಣೆ ಎಂದು ಬರೆಯುವುದುಂಟು. ಅಧಿಕಾರಿ ‘ಹದಿನೈದುನೂರು ಪಿಪಿಎಂ’ ಎಂದದ್ದರಿಂದ ಅವರು ಹೇಳಿದ್ದು ಅಜಾಡಿರಾಕ್ಟಿನ್ 1500 ಪಿಪಿಎಂ ಇರುವ ಬೇವಿನ ಕೀಟನಾಶಕ. ಗಾಣದಿಂದ ತಂದ ಬೇವಿನ ಎಣ್ಣೆ ಅದರ ಬದಲಿಗೆ ಬರುವುದಿಲ್ಲ.

‘ಕ್ಲೋರೋ’ ಇನ್ನೂ ತೊಡಕಿನದು. ಕ್ಲೋರ್‌ಪೈರಿಫಾಸ್‌ಗೂ ಕ್ಲೋರಾಂಟ್ರಾನಿಲಿಪ್ರೋಲ್‌ಗೂ ಅಂಗಡಿಯ ಮಾತಿನಲ್ಲಿ ಇದೇ ಮೊಟಕು ಹೆಸರು ಬೀಳಬಹುದು. ಎರಡೂ ಬೇರೆ ಗುಂಪಿನವು, ಪ್ರಮಾಣವೂ ಬೇರೆ. ರೈತ ಯಾವುದನ್ನು ಹೇಳಿದ, ಅಧಿಕಾರಿ ಯಾವುದಕ್ಕೆ ಬೇಡ ಎಂದರು ಎಂಬುದು ಈ ಕರೆಯಿಂದ ತಿಳಿಯುವುದಿಲ್ಲ. ಬೇಡ ಎಂದದ್ದನ್ನು ಒಂದು ರಾಸಾಯನಿಕದ ಹೆಸರಿಗೆ ಅಂಟಿಸಬೇಡಿ. ಯಾವುದನ್ನು ಕೊಳ್ಳಬೇಕು ಎಂಬುದನ್ನು ಪೂರ್ತಿ ಹೆಸರಿನಲ್ಲಿ ಬರೆದು, ಬೇರೇನು ಕೊಟ್ಟರೂ ಬೇಡ ಎಂದರೆ ಅಧಿಕಾರಿಯ ಮಾತಿಗೆ ಮೋಸವಾಗುವುದಿಲ್ಲ.

‘ಆದರೆ’ ‘ಇದ್ದರೆ’ ಉದುರದಂತೆ

ಮಾತು ಮೊಟಕುಮಾಡುವಾಗ ಮೊದಲು ಉದುರುವುದು ಷರತ್ತು. ‘ಮೇಲಿನ ಹೊಲಕ್ಕೆ ಬೇವು, ಲೀಟರಿಗೆ 5 ಎಂಎಲ್’ ಎಂದು ಬರೆದರೆ ಓದಲು ಚೆನ್ನಾಗಿದೆ, ಆದರೆ ಅಧಿಕಾರಿ ಹಾಗೆ ಹೇಳಲೇ ಇಲ್ಲ. ಅವರು ಹೇಳಿದ್ದು: ಈಗ ಬೇಡ, ಜುಲೈ 11ಕ್ಕೆ ಎಣಿಸಿ, ನೂರಕ್ಕೆ ಐದು ದಾಟಿದರೆ ಮಾತ್ರ. ನೂರು ಗಿಡ ಎಂದರೆ ಬದುವಿನ ಅಂಚಿನ ನೂರಲ್ಲ. ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡುವುದು ಸಾಮಾನ್ಯ ಪದ್ಧತಿ. ಆದರೆ ಅದು ಕರೆಯಲ್ಲಿ ಇಲ್ಲದ ಕಾರಣ ಅಧಿಕಾರಿಯನ್ನು ಕೇಳಿಯೇ ಸೇರಿಸಬೇಕು. ಷರತ್ತನ್ನು ವಾಕ್ಯದ ಕೊನೆಗೆ ತಳ್ಳದೆ ಮೊದಲಿಗೇ ಇಡಿ. ಫೋನಿನ ಪರದೆಯಲ್ಲಿ ಅರ್ಧ ಸಾಲು ಓದಿ ಅಂಗಡಿಗೆ ಹೊರಡುವವರು ಇರುತ್ತಾರೆ.

ದಿನ ಹೇಳಿದ ಕಡೆಯೆಲ್ಲ ತಾರೀಖು ಬರೆಯಿರಿ. ಮೂವತ್ತು ದಿನ ಎಂದರೆ ಇಲ್ಲಿ ಜುಲೈ 13ರ ಆಸುಪಾಸು.

ಕರೆಯಲ್ಲಿ ಇಲ್ಲದ್ದು

ಎಲ್ಲ ಬರೆದ ಮೇಲೆ ಹೇಳದೆ ಉಳಿದದ್ದನ್ನು ಹುಡುಕಿ. ಈ ಕರೆಯಲ್ಲಿ ಮೂರು ಖಾಲಿ ಜಾಗ ಕಾಣುತ್ತವೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಆ ಹೊಲದ ಮೇವನ್ನು ದನಕ್ಕೆ ಹಾಕಬಾರದು? ಮಳೆ ಬಂದು ಔಷಧಿ ತೊಳೆದುಹೋದರೆ ಏನು? ಎರಡನೇ ಸಿಂಪಡಣೆ ಇದೆಯೇ, ಇದ್ದರೆ ಅದೇ ಔಷಧಿಯೇ? ಇವುಗಳಿಗೆ ನೀವು ಉತ್ತರ ಬರೆಯಬೇಡಿ, ಪ್ರಶ್ನೆ ಮಾಡಿ ಅಧಿಕಾರಿಗೆ ಕಳಿಸಿ. ಜತೆಗೆ ಅನುಮಾನದ ತುಣುಕನ್ನೂ ಕತ್ತರಿಸಿ ಕಳಿಸಿದರೆ ಅವರು ಆರು ನಿಮಿಷ ಕೇಳುವ ಕಷ್ಟವಿಲ್ಲ, ಉತ್ತರ ಬೇಗ ಬರುತ್ತದೆ. ಕಂಪ್ಯೂಟರಿನಲ್ಲಿ ಇಪ್ಪತ್ತೈದು ಸೆಕೆಂಡಿನ ತುಣುಕು ಮಾಡಲು:

```
ffmpeg -ss 00:02:15 -t 25 -i kare-0708.m4a -c copy tunuku.m4a
```

ಪ್ರಶ್ನೆಯನ್ನು ‘ಸರಿ ಇದೆಯಾ ಸರ್?’ ಎಂದು ಕೇಳಬೇಡಿ, ಹೂಂ ಎಂಬ ಉತ್ತರ ಬರುತ್ತದೆ ಅಷ್ಟೆ. ‘ಲೀಟರಿಗೆ 0.4 ಗ್ರಾಂ, 16 ಲೀಟರ್ ಕ್ಯಾನಿಗೆ 6.4 ಗ್ರಾಂ, ಎಕರೆಗೆ 80 ಗ್ರಾಂ ಎಂದು ಬರೆದಿದ್ದೇನೆ, ಇದರಲ್ಲಿ ತಿದ್ದುವುದಿದ್ದರೆ ಹೇಳಿ’ ಎಂದು ಅಂಕಿ ಮುಂದಿಟ್ಟು ಕೇಳಿ. ಪೊಟ್ಟಣದ ಮೇಲಿನ ಮುದ್ರಿತ ಚೀಟಿಯಲ್ಲಿ ಮೆಕ್ಕೆಜೋಳಕ್ಕೆ ಬೇರೆ ಪ್ರಮಾಣ ಇದ್ದರೆ, ಅಥವಾ ಮೆಕ್ಕೆಜೋಳದ ಹೆಸರೇ ಇಲ್ಲದಿದ್ದರೆ, ಅದರ ಫೋಟೋವನ್ನೂ ಸೇರಿಸಿ.

ಚೀಟಿ

ಅಧಿಕಾರಿಯ ಒಪ್ಪಿಗೆ ಬಂದ ಮೇಲೆ ಹೋಗುವ ರೂಪ ಇದು. ರೈತನ ಹೆಸರು, ಊರು, ಫೋನ್ ನಂಬರ್ ಇದರಲ್ಲಿ ಇರಬಾರದು.

> ಬೆಳೆ: ಮಳೆಯಾಶ್ರಿತ ಮೆಕ್ಕೆಜೋಳ (ಗೋವಿನಜೋಳ), 25 ದಿನದ್ದು. ಕರೆ: ಜುಲೈ 8
> ತೊಂದರೆ: ಸುಳಿಯಲ್ಲಿ ಲದ್ದಿ ಹುಳು (ಫಾಲ್ ಸೈನಿಕ ಹುಳು). ಬಾಲದ ಕಡೆ 4 ಕಪ್ಪು ಚುಕ್ಕಿ, ಹಸಿ ಲದ್ದಿ
>
> ಕೆಳಗಿನ ಹೊಲ, ಒಂದೂವರೆ ಎಕರೆ (100ಕ್ಕೆ 15 ಗಿಡದಲ್ಲಿ ಹುಳು): ಈಗ ಸಿಂಪಡಿಸಿ
> ಔಷಧಿ: ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ (ಹರಳು)
> ಒಂದು ಲೀಟರ್ ನೀರಿಗೆ: 0.4 ಗ್ರಾಂ (ಅರ್ಧ ಗ್ರಾಮಿಗಿಂತ ಕಡಿಮೆ)
> 16 ಲೀಟರ್ ಕ್ಯಾನಿಗೆ: 6.4 ಗ್ರಾಂ
> ಒಟ್ಟು: 120 ಗ್ರಾಂ, ನೀರು 300 ಲೀಟರ್, ಸುಮಾರು 19 ಕ್ಯಾನ್. ಎಕರೆಗೆ 8 ಕ್ಯಾನ್ ಸಾಲದು
> ಸಂಜೆ ಹೊತ್ತು, ಸುಳಿ ತೋಯುವಂತೆ. ಅಂಗಡಿಯಲ್ಲಿ ಬೇರೆ ಔಷಧಿ ಕೊಟ್ಟರೆ ಬೇಡ
>
> ಮೇಲಿನ ಹೊಲ, ಒಂದೂವರೆ ಎಕರೆ (100ಕ್ಕೆ 2–3): ಈಗ ಏನೂ ಬೇಡ
> ಜುಲೈ 11ಕ್ಕೆ 100 ಗಿಡ ಎಣಿಸಿ. 5 ದಾಟಿದ್ದರೆ ಮಾತ್ರ:
> ಅಜಾಡಿರಾಕ್ಟಿನ್ 1500 ಪಿಪಿಎಂ (ಬೇವಿನ ಕೀಟನಾಶಕ)
> ಒಂದು ಲೀಟರಿಗೆ 5 ಎಂಎಲ್, 16 ಲೀಟರ್ ಕ್ಯಾನಿಗೆ 80 ಎಂಎಲ್
>
> ಯೂರಿಯಾ: ಜುಲೈ 13ರ ಸುಮಾರಿಗೆ, ಭೂಮಿ ಹಸಿ ಇದ್ದರೆ, ಎಕರೆಗೆ 1 ಚೀಲ (45 ಕೆಜಿ). ಒಣ ಭೂಮಿಗೆ ಹಾಕಬೇಡಿ
>
> ಅಧಿಕಾರಿಯಿಂದ ಉತ್ತರ ಬರಬೇಕು: ಮೇವು ಎಷ್ಟು ದಿನ ಬಿಡಬೇಕು, ಮಳೆ ಬಂದರೆ ಏನು, ಎರಡನೇ ಸಿಂಪಡಣೆ

‘ಅರ್ಧ ಗ್ರಾಮಿಗಿಂತ ಕಡಿಮೆ’ ಎಂಬ ಮಾತು ಬೇಕೆಂದೇ ಹಾಕಿದ್ದು. ಒದ್ದೆಯಾದ ಪರದೆಯ ಮೇಲೆ ಬಿಂದು ಕಾಣದೆ ಹೋದರೂ ಆ ಮಾತು ಉಳಿಯುತ್ತದೆ. ಬಿಂದುವಿನ ಮುಂದೆ ಸೊನ್ನೆ ಬಿಡದೆ ಬರೆಯುವುದೂ ಅದಕ್ಕಾಗಿಯೇ. ಮೇಲಿನ ಹೊಲದ ಬೇವಿಗೆ ಒಟ್ಟು ಅಳತೆ ಕೊಟ್ಟಿಲ್ಲ, ಏಕೆಂದರೆ ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲ. ಒಟ್ಟು ಬರೆದರೆ ಇಂದೇ ಕೊಂಡು ಇಂದೇ ಹೊಡೆಯುತ್ತಾರೆ.

ಅಧಿಕಾರಿ ಆಮೇಲೆ ಏನಾದರೂ ತಿದ್ದಿದರೆ ತಿದ್ದಿದ ಸಾಲನ್ನಷ್ಟೇ ಕಳಿಸಬೇಡಿ. ಗುಂಪಿನಲ್ಲಿ ಹಳೆಯ ಚೀಟಿಯನ್ನು ಅಳಿಸಿ, ತಲೆಯಲ್ಲಿ ‘ತಿದ್ದಿದ್ದು, ಜುಲೈ 9’ ಎಂದು ಹಾಕಿ, ಇಡೀ ಚೀಟಿಯನ್ನು ಮತ್ತೆ ಕಳಿಸಿ. ಮೊದಲು ಕೇಳಿದ ರೈತನಿಗೆ ಮಾತ್ರ ಫೋನ್ ಮಾಡಿಯೇ ಹೇಳಬೇಕು, ಅವನು ಆಗಲೇ ಕ್ಯಾನು ತುಂಬುತ್ತಿರಬಹುದು.